ಪ್ಯಾರಾದೊಳಗಿನ ಪದ

ಮೈಸೂರು

ಪ್ರಿಯ ತಮ್ಮನಿಗೆ,

ನೀನು ಹಾಡನ್ನು ಕೇಳಿಸಿಕೊಂಡು ಒಂದೇ ಪ್ಯಾರಾದಲ್ಲಿ ಬರೆದಿಟ್ಟದ್ದು ತಪ್ಪಲ್ಲ, ಮೊದಲ ಪ್ರತಿ ಹಾಗೇ ಇರಲಿ. ಅದನ್ನು ಅಳಿಸಬೇಡ, ನಕಲು ಮಾಡಿಕೊಂಡು ಸಾಲು ಸಾಲಾಗಿ, ಪಲ್ಲವಿ ಚರಣಗಳಾಗಿ ಬಿಡಿಸು. ಮಾದರಿಗೆಂದು ಕೋಲಾಟದ ಧಾಟಿಯಲ್ಲಿ ಈ ತುಣುಕು ಕಟ್ಟಿದ್ದೇನೆ:

ಹೊಂಗೆ ನೆರಳಲಿ ನಿಲ್ಲೆ ತಂಗಿ ನಿಲ್ಲೆ ತಂಗಿ ಗಂಗೆ ಬಂದಳು ನಾಲೆಗೆ ಗದ್ದೆ ಬಯಲಲಿ ಭತ್ತ ಮೊಳೆತಾವೆ ಎದ್ದು ನೋಡೆ ಪೈರ ಎದ್ದು ನೋಡೆ ಪೈರ ಹೊಂಗೆ ನೆರಳಲಿ ನಿಲ್ಲೆ ತಂಗಿ ನಿಲ್ಲೆ ತಂಗಿ ಕಬ್ಬು ಕಡಿದು ಗಾಡಿ ತುಂಬ್ಯಾವೆ ಹಬ್ಬ ಬಂತು ಮನೆಗೆ ಹಬ್ಬ ಬಂತು ಮನೆಗೆ ಹೊಂಗೆ ನೆರಳಲಿ ಕುಣಿಯೆ ತಂಗಿ ಕುಣಿಯೆ ತಂಗಿ ಗಂಗೆ ಬಂದಳು ನಾಲೆಗೆ

ಮೊದಲು ಸಾಲು ಒಡೆ, ಪಲ್ಲವಿ, ಚರಣ ಎಂಬ ಹೆಸರು ಆಮೇಲೆ. ನಮ್ಮ ಹಾಡುಗಳಲ್ಲಿ ಸಾಲಿನ ತಲೆಯನ್ನು ಆದಿಪ್ರಾಸವೇ ತೋರಿಸಿಕೊಡುತ್ತದೆ. ಹೊಂಗೆ–ಗಂಗೆ, ಗದ್ದೆ–ಎದ್ದು, ಕಬ್ಬು–ಹಬ್ಬ: ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬಂದಲ್ಲಿ ಹೊಸ ಸಾಲು. ಪ್ರಾಸ ಬದಲಾದಲ್ಲಿ ಹೊಸ ನುಡಿ. ಪ್ರಾಸವಿಲ್ಲದ ಹಾಡಾದರೆ ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗ ನೋಡು. ಬರೀ ಅರ್ಥ ನೋಡಿ ಒಡೆದರೆ ಸಾಲುಗಳು ತಾಳಕ್ಕೆ ಕೂರುವುದಿಲ್ಲ.

ಆಮೇಲೆ ಮರಳಿ ಬರುವುದನ್ನು ಹುಡುಕು. ನುಡಿಗಳ ನಡುವೆ ಬರುತ್ತಿರುವುದು ಪಲ್ಲವಿ, ಪ್ರತಿ ಸಲ ಮಾತು ಬೇರೆಯಾಗುವುದು ಚರಣ. ಬಿಡಿಸಿದ ಮೇಲೆ ಹೀಗೆ ನಿಲ್ಲುತ್ತದೆ:

ಪಲ್ಲವಿ
ಹೊಂಗೆ ನೆರಳಲಿ ನಿಲ್ಲೆ ತಂಗಿ ನಿಲ್ಲೆ ತಂಗಿ
ಗಂಗೆ ಬಂದಳು ನಾಲೆಗೆ

ಚರಣ 1
ಗದ್ದೆ ಬಯಲಲಿ ಭತ್ತ ಮೊಳೆತಾವೆ
ಎದ್ದು ನೋಡೆ ಪೈರ ॥2॥

ಪಲ್ಲವಿ: ಮೊದಲ ಸಾಲು ಮಾತ್ರ

ಚರಣ 2
ಕಬ್ಬು ಕಡಿದು ಗಾಡಿ ತುಂಬ್ಯಾವೆ
ಹಬ್ಬ ಬಂತು ಮನೆಗೆ ॥2॥

ಪಲ್ಲವಿ, ಕೊನೆಯ ಸಲ
ಹೊಂಗೆ ನೆರಳಲಿ ಕುಣಿಯೆ ತಂಗಿ ಕುಣಿಯೆ ತಂಗಿ
ಗಂಗೆ ಬಂದಳು ನಾಲೆಗೆ

‘ನಿಲ್ಲೆ ತಂಗಿ’ ಎರಡು ಸಲ ಬಂದರೂ ಅಲ್ಲಿ ॥2॥ ಹಾಕಿಲ್ಲ ನೋಡು. ಅದು ಸಾಲಿನ ಅಳತೆಗೇ ಸೇರಿದ ಮಾತು. ಅದನ್ನು ತೆಗೆದು ಗುರುತು ಹಾಕಿದರೆ ಓದುವವನು ಇಡೀ ಸಾಲನ್ನೇ ಎರಡು ಸಲ ಹಾಡುತ್ತಾನೆ. ಈ ಗುರುತು ಪೂರ್ತಿ ಸಾಲಿಗೆ ಮಾತ್ರ ಅಂತ ಮೊದಲೇ ಗೊತ್ತುಮಾಡಿಕೋ. ಅರ್ಧ ಸಾಲು ಮರುಕಳಿಸಿದರೆ ಬಿಡಿಸಿಯೇ ಬರೆ.

ಹೆಚ್ಚು ಜನ ಎಡವುವುದು ಕೊನೆಯ ಪಲ್ಲವಿಯಲ್ಲಿ. ಮೊದಲ ಪದ ಕಂಡ ಕೂಡಲೇ ‘ಪಲ್ಲವಿ’ ಎಂದು ಬರೆದು ಮುಗಿಸಿದರೆ ‘ಕುಣಿಯೆ’ ಅಲ್ಲೇ ಕಳೆದುಹೋಗುತ್ತದೆ, ಹಾಡಿನ ತಿರುವೇ ಅದು. ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಹೆಸರಿನಲ್ಲಿ ಮುಗಿಸು, ಒಂದು ಮಾತು ಬೇರೆಯಾದರೂ ಪೂರ್ತಿ ಬರೆ.

ರಾಗಿ ಬೀಸುವ ತ್ರಿಪದಿಗೆ ಈ ಹೆಸರುಗಳನ್ನು ಹೊರಿಸಬೇಡ. ಅಲ್ಲಿ ಮೂರು ಸಾಲಿನದೊಂದು ನುಡಿ. ಹಾಡುವಾಗ ಎರಡನೆಯ ಸಾಲು ಮರುಕಳಿಸಿ ನಾಲ್ಕಾಗಿ ಕೇಳಿಸುತ್ತದೆ. ಮೂರೇ ಸಾಲು ಬರೆದು ನುಡಿಗೆ ಸಂಖ್ಯೆ ಕೊಡು, ಮರುಕಳಿಕೆಯನ್ನು ಮೇಲೆ ಒಂದೇ ಸಲ ಸೂಚಿಸು. ಹಿಂದೆ ನಿಂತು ಹಾಡುವವರು ಹಿಡಿಯುವ ಸೊಲ್ಲಿದ್ದರೆ ಅದನ್ನೂ ಅಲ್ಲೇ ಬೇರೆಯಾಗಿ ಬರೆ.

ಮುಗಿದ ಮೇಲೆ ಬಿಡಿಸಿದ ಪ್ರತಿಯನ್ನು ಗುರುತುಗಳಂತೆ ಗಟ್ಟಿಯಾಗಿ ಓದುತ್ತಾ ಹಳೆಯ ಪ್ಯಾರಾದ ಮೇಲೆ ಬೆರಳಿಟ್ಟುಕೊಂಡು ಹೋಗು. ಬೆರಳು ಎಲ್ಲಿ ತಪ್ಪುತ್ತದೋ ಅಲ್ಲಿ ಒಂದು ಗುರುತು ತಪ್ಪಿದೆ.

ಇಂತಿ,
ನಿನ್ನ ಅಣ್ಣ