ಸಾರಿಗೆ ಸಚಿವರಿಗೆ ಬಹಿರಂಗ ಪತ್ರ: ಮಗು ಬಸ್ಸಲ್ಲೇ ಉಳಿದ ದಿನ ನಾವು ಬರೆದುಕೊಟ್ಟ ರಿಪೋರ್ಟಲ್ಲಿ ಇಲ್ಲದ್ದು

ಮಾನ್ಯ ಸಾರಿಗೆ ಸಚಿವರೇ, ನಮಸ್ಕಾರ.

ನಾನೊಬ್ಬ ಸ್ಕೂಲ್ ಬಸ್ ಡ್ರೈವರ್. ಪಕ್ಕದಲ್ಲಿ ಕೂತಿರೋದು ನಮ್ಮ ಬಸ್ಸಿನ ಆಯಾ, ನಾನು ಅಕ್ಕ ಅಂತೀನಿ, ಮಕ್ಕಳು ಆಯಮ್ಮ ಅಂತಾರೆ. ಟೈಪ್ ಮಾಡ್ತಿರೋದು ನಾನು, ಹೇಳ್ತಿರೋದು ಇಬ್ರೂ. ಹೋದ ತಿಂಗಳು ನಮ್ಮ ಬಸ್ಸಲ್ಲಿ ಐದು ವರ್ಷದ ಹುಡುಗ ನಿದ್ದೇಲೇ ಉಳ್ಕೊಂಡ, ನಾನು ಬಸ್ ಲಾಕ್ ಮಾಡಿ ಹೋದೆ, ಸಿಕ್ಕಿದ್ದು 75 ನಿಮಿಷ ಆದ್ಮೇಲೆ. ಹುಷಾರಾಗಿದಾನೆ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಓದೋರು ಉಸಿರು ಹಿಡ್ಕೊಂಡು ಓದೋದು ಬೇಡ.

ಅವತ್ತೇ ಮಧ್ಯಾಹ್ನ ಆಫೀಸಲ್ಲಿ ಕೂರಿಸಿ ನಮ್ಮಿಬ್ಬರ ಹತ್ರ ರಿಪೋರ್ಟ್ ಬರೆಸ್ಕೊಂಡ್ರು. ಅರ್ಧ ಪುಟ. ಮಗು ಸೀಟಿನ ಹಿಂದೆ ಮಲಗಿದ್ದರಿಂದ ಗಮನಕ್ಕೆ ಬಂದಿಲ್ಲ, ಇನ್ನು ಮುಂದೆ ಎಚ್ಚರ ವಹಿಸುತ್ತೇವೆ, ಕೆಳಗೆ ಎರಡು ಸಹಿ. ಸುಳ್ಳು ಏನೂ ಇಲ್ಲ ಅದ್ರಲ್ಲಿ, ಆದ್ರೆ ಅದನ್ನ ಓದಿದ ಯಾರಿಗೂ ಏನಾಯ್ತು ಅಂತ ಗೊತ್ತಾಗಲ್ಲ. ಅದಕ್ಕೇ ಈಗ ಸರಿಯಾಗಿ ಬರೀತಿದೀವಿ, ನೇರ ನಿಮಗೇ, ಯಾಕಂದ್ರೆ ಬಸ್ಸಿನ ರೂಲ್ಸ್ ಮಾಡೋದು ನಿಮ್ಮ ಇಲಾಖೆ.

ಅವತ್ತು ನಮ್ಮ ಮಾಮೂಲಿ ಬಸ್ ರಿಪೇರಿಗೆ ಹೋಗಿತ್ತು, ಸ್ಪೇರ್ ಬಸ್ ಕೊಟ್ಟಿದ್ರು. ಅದ್ರಲ್ಲಿ ಸೀಟಿನ ಬೆನ್ನು ಎತ್ತರ. ಡ್ರೈವರ್ ತಲೆ ಮೇಲಿರೋ ಕನ್ನಡಿ ಇದ್ಯಲ್ಲ, ಅದ್ರಲ್ಲಿ ಕಾಣೋದು ಸೀಟಿಗಿಂತ ಮೇಲೆ ಬಂದಿರೋ ತಲೆ ಮಾತ್ರ. ಕೂತಿರೋ ಚಿಕ್ಕ ಮಗೂನೇ ಸರಿಯಾಗಿ ಕಾಣಲ್ಲ, ಮಲಗಿದ್ರೆ ಕೇಳೋದೇ ಬೇಡ. ಲಿಸ್ಟಲ್ಲಿ 31 ಮಕ್ಕಳು, ಅವತ್ತು ಹತ್ತಿದ್ದು 28. ಈ ಹುಡುಗ ಮೊದಲನೇ ಸ್ಟಾಪು, ಅಂದ್ರೆ ಎಲ್ಲರಿಗಿಂತ ಜಾಸ್ತಿ ಹೊತ್ತು ಬಸ್ಸಲ್ಲಿರೋನು. ಹಿಂದಿನಿಂದ ನಾಲ್ಕನೇ ಸಾಲಲ್ಲಿ ಕಿಟಕಿ ಪಕ್ಕ ಕೂತು ನಿದ್ದೆ ಹೋಗಿ ಮೆಲ್ಲಗೆ ಜಾರಿ ಸೀಟಿಗೂ ಮುಂದಿನ ಸೀಟಿಗೂ ಮಧ್ಯ ಮುದುರಿಕೊಂಡಿದ್ದ.

ಇಲ್ಲಿಂದ ಅಕ್ಕ ಹೇಳಿದ್ದು, ಹಾಗೇ ಹಾಕ್ತಿದೀನಿ. "ಸ್ಕೂಲ್ ಗೇಟ್ ಇನ್ನೂ ಬಂದಿರ್ಲಿಲ್ಲ, ಮುಂದೆ ಕೂತಿದ್ದ ಪಾಪು ವಾಂತಿ ಮಾಡ್ಕೊಂಡ್ಳು. ಒಂದ್ ಕೈಲಿ ಅವಳನ್ನ ಹಿಡ್ಕೊಂಡು ಇನ್ನೊಂದ್ ಕೈಲಿ ಶೀಟ್ ತುಂಬಿದೆ. ಹತ್ತಿದ್ರು ಅನ್ನೋ ಕಾಲಂ ಸ್ಟಾಪಲ್ಲಿ ಒಂದೊಂದೇ ಹಾಕಿದ್ದೆ. ಇಳಿದ್ರು ಅನ್ನೋ ಕಾಲಮನ್ನ ಬಸ್ ನಿಲ್ಲೋಕೆ ಮುಂಚೇನೇ ಮೇಲಿಂದ ಕೆಳಗೆ ಸರಸರ ಟಿಕ್ ಹಾಕ್ಬಿಟ್ಟೆ. ಅವತ್ತೊಂದೇ ದಿನ ಅಲ್ಲ, ದಿನಾ ಹಂಗೇ ಹಾಕ್ತಿದ್ದೆ. ಗೇಟಲ್ಲಿ ಬಸ್ ನಿಂತ ತಕ್ಷಣ ಎಲ್ಲಾ ನುಗ್ತಾರೆ, ಹಿಂದೆ ಇನ್ನೊಂದು ಬಸ್ ಹಾರ್ನ್ ಹೊಡೀತಿರುತ್ತೆ, ಆಗ ಪೆನ್ನು ಹಿಡ್ಕೊಂಡು ನಿಲ್ಲೋಕೆ ಯಾರ್ ಬಿಡ್ತಾರೆ? ಪಾಪೂನ ಎತ್ಕೊಂಡು ನರ್ಸ್ ರೂಮಿಗೆ ಓಡ್ದೆ. ಅಣ್ಣ ಹೆಂಗಿದ್ರೂ ಪಾರ್ಕ್ ಮಾಡುವಾಗ ಒಂದ್ ಸಲ ನೋಡ್ತಾರೆ ಅನ್ಕೊಂಡೆ."

ಅಣ್ಣ ಅಂದ್ರೆ ನಾನು. ನಾನು ನೋಡ್ಲಿಲ್ಲ. ಅಕ್ಕ ಇಳಿದು ಹೋಗಿದ್ದನ್ನ ಕಣ್ಣಾರೆ ನೋಡಿದ್ದೆ, ಮಾಮೂಲಿ ದಿನ ಅವರು ಕೊನೇಲಿ ಹಿಂದೆ ಹೋಗಿ ನೋಡ್ಕೊಂಡೇ ಇಳಿಯೋದು, ಸೋ ಅವರು ಇಳಿದ್ರು ಅಂದ್ರೆ ಬಸ್ ಖಾಲಿ ಅಂತ ನನ್ನ ಲೆಕ್ಕ. ಪಾರ್ಕಿಂಗಲ್ಲಿ ಇಂಜಿನ್ ಆಫ್ ಮಾಡಿ, ಎದ್ದು ನಿಂತು, ಯಾರಾದ್ರೂ ಇದೀರೇನ್ರೋ ಅಂತ ಒಂದ್ ಸಲ ಕೂಗಿದೆ. ಇದನ್ನ ನಾವು ಡ್ರೈವರ್‌ಗಳು ಚೆಕಿಂಗ್ ಅಂತೀವಿ. ನಿದ್ದೆ ಮಾಡ್ತಿರೋ ಮಗು ಹೂಂ ಅನ್ನುತ್ತಾ? ಕಿಟಕಿ ಎಲ್ಲಾ ಮುಚ್ಚಿ ಬಾಗಿಲು ಲಾಕ್ ಮಾಡಿದಾಗ 8:35. ಸೀಟ್ ಮೇಲೆ ಬ್ಯಾಗ್ ಇದ್ದಿದ್ರೆ ದೂರದಿಂದಾದ್ರೂ ಕಾಣ್ತಿತ್ತೇನೋ, ಆದ್ರೆ ಪಕ್ಕದಲ್ಲಿ ಕೂರೋ ದೊಡ್ಡ ಹುಡುಗಿ ದಿನಾ ಅವನ ಬ್ಯಾಗ್ ಇಳಿಸಿಕೊಡ್ತಾಳೆ, ಅವತ್ತೂ ಅವನು ಹಿಂದೇನೇ ಬರ್ತಿದಾನೆ ಅನ್ಕೊಂಡು ತಗೊಂಡ್ ಹೋಗಿ ಅವನ ಕ್ಲಾಸ್ ಬಾಗಿಲಲ್ಲಿ ಇಟ್ಟಿದಾಳೆ. ಆ ಹುಡುಗಿ ಮೇಲೆ ಯಾರೂ ತಪ್ಪು ಹೊರಿಸ್ಬಾರದು ಅಂತ ಇಲ್ಲೇ ಬರೀತಿದೀನಿ.

9 ಗಂಟೆಗೆ ಕ್ಲಾಸಲ್ಲಿ ಹಾಜರಿ. ಟೀಚರ್ ಅವನಿಗೆ ಗೈರು ಹಾಕಿದ್ರು, ಬರ್ಲಿಲ್ಲ ಅಂದ್ರೆ ಮನೇಲಿ ಇದಾನೆ ಅಂತ. ಬ್ಯಾಗ್ ಬಾಗಿಲಲ್ಲೇ ಇತ್ತು, ಯಾರ್ದು ಅಂತ ಯಾರೂ ಕೇಳ್ಲಿಲ್ಲ. ಗೈರಾದ ಮಕ್ಕಳ ಮನೆಗೆ ಆಫೀಸಿಂದ ಮೆಸೇಜ್ ಹೋಗೋದು 11 ಗಂಟೆಗೆ, ಎಲ್ಲಾ ಕ್ಲಾಸಿಂದು ಒಟ್ಟಿಗೆ. ಅಲ್ಲೀವರೆಗೆ ತಾಯಿಗೆ ಮಗ ಸ್ಕೂಲಲ್ಲಿದಾನೆ, ಸ್ಕೂಲಿಗೆ ಹುಡುಗ ಮನೇಲಿದಾನೆ, ಅಕ್ಕನ ಶೀಟಲ್ಲಿ 28 ಹತ್ತಿ 28 ಇಳಿದಿದಾರೆ. ಪೇಪರ್ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ ಸಾರ್.

9:50ಕ್ಕೆ ಬಸ್ ತೊಳೆಯೋಕೆ ಬಂದ ಹುಡುಗನಿಗೆ ಅಳು ಕೇಳಿಸ್ತು. ಬಾಗಿಲು ತೆಗೆದಾಗ ಶರ್ಟೆಲ್ಲಾ ಬೆವರಲ್ಲಿ ಒದ್ದೆ, ಮುಖ ಕೆಂಪಗೆ, ಗಾಜಿಗೆ ಬಡಿದು ಬಡಿದು ಕೈ ನೋಯ್ತಿದೆ ಅಂತಿದ್ದ. ಡಾಕ್ಟರ್ ಸ್ವಲ್ಪ ಹೊತ್ತು ಇರಿಸ್ಕೊಂಡು ನೋಡಿ ಕಳಿಸಿದ್ರು. ಅವತ್ತು ಮೋಡ ಇತ್ತು. ಅವನನ್ನ ಉಳಿಸಿದ್ದು ಆ ಮೋಡ, ನಮ್ಮ ಯಾವ ವ್ಯವಸ್ಥೇನೂ ಅಲ್ಲ.

ಬಿಸಿಲಿದ್ದಿದ್ರೆ ಏನಾಗ್ತಿತ್ತು ಅಂತ ಆಮೇಲೆ ಕೂತು ಓದಿದೆ, ಓದ್ಬಾರದಿತ್ತು ಅನ್ನಿಸ್ತು. 2005ರಲ್ಲಿ ಅಮೆರಿಕದ ಡಾಕ್ಟರ್‌ಗಳು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಬಿಸಿ ಅಳೆದಿದಾರೆ. ಒಂದು ಗಂಟೇಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿದೆ, ಅದ್ರಲ್ಲಿ ಐದರಲ್ಲಿ ನಾಲ್ಕು ಪಾಲು ಮೊದಲನೇ ಅರ್ಧ ಗಂಟೇಲೇ. ಕಿಟಕಿ ಸ್ವಲ್ಪ ಇಳಿಸಿದ್ರೂ ಹೆಚ್ಚು ಕಮ್ಮಿ ಅಷ್ಟೇ. ಬಸ್ ದೊಡ್ಡದು, ಅಷ್ಟು ಬೇಗ ಕಾಯ್ದೇ ಇರಬಹುದು, ಆದ್ರೆ ಸುತ್ತ ಗಾಜು, ಮೇಲೆ ತಗಡು, ಗಾಳಿ ಆಡಲ್ಲ. ಮಕ್ಕಳ ಮೈ ದೊಡ್ಡೋರ ಮೈಗಿಂತ ಎಷ್ಟೋ ಬೇಗ ಬಿಸಿ ಏರುತ್ತೆ, ಒಳಮೈ 40 ಡಿಗ್ರಿ ದಾಟಿದ್ರೆ ಜೀವಕ್ಕೇ ಅಪಾಯ. ನಮ್ಮದು 75 ನಿಮಿಷ.

ಇನ್ನೊಂದು ಓದಿ ರಾತ್ರಿ ನಿದ್ದೆ ಬರ್ಲಿಲ್ಲ. 2022ರ ಸೆಪ್ಟೆಂಬರಲ್ಲಿ ಜಪಾನಿನ ಶಿಜುವೊಕಾ ಪ್ರಾಂತ್ಯದಲ್ಲಿ ಮೂರು ವರ್ಷದ ಹುಡುಗಿ ನರ್ಸರಿ ಬಸ್ಸಲ್ಲಿ ಸುಮಾರು ಐದು ಗಂಟೆ ಉಳಿದು ತೀರಿಹೋದ್ಳು. ಅವತ್ತು ಓಡಿಸಿದ್ದು ಮಾಮೂಲಿ ಡ್ರೈವರ್ ಅಲ್ಲ, ಬದಲಿಗೆ ಬಂದೋರು. ಕ್ಲಾಸಲ್ಲಿ ಮಗು ಇಲ್ಲ ಅಂತ ಟೀಚರಿಗೆ ಗೊತ್ತಾಗಿದೆ, ಮನೆಗೆ ಫೋನ್ ಹೋಗಿಲ್ಲ. ಅವರ ಬದಲಿ ಡ್ರೈವರ್, ನಮ್ಮ ಬದಲಿ ಬಸ್ಸು, ಮಿಕ್ಕಿದ್ದು ನಮ್ಮ ಕಥೇನೇ. ಆಮೇಲೆ ಅಲ್ಲಿನ ಸರ್ಕಾರ 2023ರ ಏಪ್ರಿಲಿಂದ ಇಂಥ ಬಸ್ಸಿಗೆಲ್ಲಾ ಅಲಾರಂ ಸಾಧನ ಕಡ್ಡಾಯ ಮಾಡ್ತು. ದಕ್ಷಿಣ ಕೊರಿಯಾದಲ್ಲೂ 2018ರಲ್ಲಿ ಒಂದು ಮಗು ಹೀಗೇ ಹೋದ್ಮೇಲೆ 2019ರಲ್ಲಿ ಕಡ್ಡಾಯ ಆಯ್ತು. ಎರಡು ಕಡೇನೂ ಮಗು ಹೋದ್ಮೇಲೆ ಸಾರ್. ಇಲ್ಲಿ ಮಗು ಇದೆ, ಈಗ್ಲೇ ಮಾಡಿ ಅಂತ ಕೇಳ್ತಿರೋದು.

ಆ ಅಲಾರಂ ಕೆಲಸ ಸಿಂಪಲ್. ಕೀ ಆಫ್ ಮಾಡಿದ ಮೇಲೆ ಪೀಂ ಪೀಂ ಅನ್ನುತ್ತೆ, ನಿಲ್ಲಿಸೋ ಬಟನ್ ಬಸ್ಸಿನ ಕೊನೇ ಸೀಟ್ ಹತ್ರ ಇರುತ್ತೆ. ಬೇಕೋ ಬೇಡ್ವೋ ಹಿಂದಿನ ತನಕ ನಡೀಲೇಬೇಕು. ಆದ್ರೆ ನಾನು ಡ್ರೈವರ್, ನಮ್ಮ ಜನ ಏನ್ ಮಾಡ್ತಾರೆ ಅಂತ ನನಗೆ ಗೊತ್ತು. ಸದ್ದು ತಡೀಲಾರದೆ ನೆಟ್ಟಗೆ ಹೋಗಿ ಒತ್ತಿ ವಾಪಸ್ ಬರ್ತಾರೆ, ಪಕ್ಕದ ಸೀಟ್ ನೋಡಲ್ಲ, ಇನ್ನು ಕೆಲವರು ಎರಡು ದಿನಕ್ಕೆ ವೈರೇ ಕಿತ್ತಿಸ್ತಾರೆ. ಅದಕ್ಕೆ ಸಾಧನ ಹಾಕ್ಸಿ ಅಂತ ಆರ್ಡರ್ ಮಾಡಿ ಕೈಬಿಡ್ಬೇಡಿ, ಫಿಟ್‌ನೆಸ್ ಟೆಸ್ಟಲ್ಲಿ ಬ್ರೇಕ್ ನೋಡೋ ಹಾಗೆ ಇದನ್ನೂ ಆನ್ ಮಾಡಿ ನೋಡ್ಲಿ. ಸ್ಪೇರ್ ಬಸ್ಸಿಗೂ ಇರ್ಲಿ, ಸ್ಪೇರ್ ಬಸ್ಸಿಗೆ ಮೊದಲು ಇರ್ಲಿ. ಮತ್ತೆ ನೋಡೋದು ವಾಪಸ್ ಬರುವಾಗ, ಹಿಂದಿನಿಂದ ಮುಂದಕ್ಕೆ, ಪ್ರತಿ ಸೀಟಿಗೂ ಕೈ ಮುಟ್ಟಿಸಿ ಕೆಳಗೆ ಬಗ್ಗಿ. ನಾನು ಈಗ ಹಾಗೆ ಮಾಡ್ತೀನಿ, ಗಡಿಯಾರ ಇಟ್ಟು ನೋಡಿದೀನಿ, ಎರಡು ನಿಮಿಷ ಆಗಲ್ಲ.

ಆದ್ರೆ ನಮ್ಮಿಬ್ಬರ ಪ್ರಕಾರ ಅಲಾರಂಗಿಂತ ಮುಖ್ಯ ಆ ಹಾಜರಿ. ನಾವು ತಪ್ಪು ಮಾಡಿದ್ದು 8:35ಕ್ಕೆ, ಅದು ಗೊತ್ತಾಗಬಹುದಿದ್ದಿದ್ದು 9 ಗಂಟೆಗೆ. ಅಕ್ಕನ ಶೀಟಲ್ಲಿ ಹತ್ತಿದಾನೆ ಅಂತಿದೆ, ಟೀಚರ್ ಹತ್ರ ಇಲ್ಲ ಅಂತಿದೆ. ಎರಡು ಕಾಗದ ಒಂದೇ ಟೇಬಲ್ ಮೇಲೆ ಬಂದಿದ್ರೆ ಐದು ನಿಮಿಷದಲ್ಲಿ ಯಾರಾದ್ರೂ ಬಸ್ಸಿಗೆ ಓಡ್ತಿದ್ರು. ಬರ್ಲಿಲ್ಲ, ಯಾಕಂದ್ರೆ ಬಸ್ ಶೀಟ್ ತಿಂಗಳ ಕೊನೇಲಿ ಫೈಲಿಗೆ ಹೋಗುತ್ತೆ ಅಷ್ಟೇ, ದಿನಾ ಯಾರೂ ನೋಡಲ್ಲ. ನೋಡಿದ್ರೂ ಇಳಿದ್ರು ಕಾಲಂ ನಂಬಿ ಸುಮ್ನಾಗ್ತಿದ್ರೇನೋ, ಅದು ಅಕ್ಕನಿಗೂ ಗೊತ್ತು, ಅದಕ್ಕೆ ಈಗ ಅವರು ಬಾಗಿಲ ಕೆಳಗೆ ನಿಂತು ಕಾಲು ನೆಲಕ್ಕೆ ತಾಗಿದ ಮೇಲೇನೇ ಟಿಕ್ ಹಾಕೋದು, 28 ಮಕ್ಕಳು ಹತ್ತಿದ್ರೆ ಕೊನೆಗೆ ಜೋರಾಗಿ 28 ಅಂತ ಹೇಳ್ತಾರೆ, ನಾನು 28 ಅಂದ್ಮೇಲೇನೇ ಬಸ್ ಕದಲೋದು. ಹಿಂದಿನ ಬಸ್ ಹಾರ್ನ್ ಹೊಡ್ಕೊಳ್ಲಿ.

ಹತ್ತಿದಾನೆ ಆದ್ರೆ ಕ್ಲಾಸಲ್ಲಿಲ್ಲ ಅನ್ನೋ ಮಗುವಿಗೆ 11ರ ಮೆಸೇಜ್ ಸಾಲಲ್ಲ. ಹಾಜರಿ ಆದ ತಕ್ಷಣ ಒಬ್ಬರು ಬಸ್ಸಿನ ಹತ್ರ ನಡೀಬೇಕು, ಇನ್ನೊಬ್ಬರು ಮನೆಗೆ ಫೋನ್ ಮಾಡ್ಬೇಕು, ಅದಕ್ಕೆ ಇಷ್ಟೇ ನಿಮಿಷ ಅಂತ ರೂಲಲ್ಲಿ ಬರೀಬೇಕು. ಇದು ಶಿಕ್ಷಣ ಇಲಾಖೆಗೆ ಸೇರಿದ್ದು ಅಂತೀರಾದ್ರೆ ದಯವಿಟ್ಟು ನೀವೇ ಅವರ ಹತ್ರ ಮಾತಾಡಿ, ಬಸ್ಸಿಂದ ಕ್ಲಾಸಿಗೆ ಹೋಗೋ ಆ ನೂರು ಹೆಜ್ಜೆ ಯಾರ ಇಲಾಖೆ ಅಂತ ನಮಗೆ ಗೊತ್ತಿಲ್ಲ.

ಕೊನೇದು, ಬರೆಯೋಕೆ ಕಷ್ಟ. ಇದಕ್ಕೆ ಮೂರು ತಿಂಗಳ ಮುಂಚೆ ಇನ್ನೊಂದು ಪಾಪು ಹೀಗೇ ನಿದ್ದೆ ಹೋಗಿದ್ಳು. ಅವತ್ತು ಮರೆತ ಮೊಬೈಲ್ ತಗೊಳ್ಳೋಕೆ ಬಸ್ಸಿಗೆ ವಾಪಸ್ ಹೋದಾಗ ಕಣ್ಣಿಗೆ ಬಿದ್ಳು, ಎಬ್ಬಿಸಿ ನಗಿಸ್ತಾ ಕ್ಲಾಸಿಗೆ ಬಿಟ್ಟು ಬಂದೆ. ಯಾರಿಗೂ ಹೇಳ್ಲಿಲ್ಲ, ಅಕ್ಕನಿಗೂ ಹೇಳ್ಲಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಭಯ. ಅವತ್ತು ಬರೆದಿದ್ರೆ ಈ ಹುಡುಗ ಆ 75 ನಿಮಿಷ ಒಳಗಿರ್ತಿರ್ಲಿಲ್ಲ. ನಮಗೆ ಶಿಕ್ಷೆ ಬೇಡ ಅಂತ ಕೇಳ್ತಿಲ್ಲ, ಈ ಸಲದ್ದು ಏನಿದ್ರೂ ತಗೋತೀವಿ. ಆದ್ರೆ ಏನೂ ಆಗದೆ ತಪ್ಪಿದ್ದನ್ನ ತಾನಾಗೇ ಬರೆದುಕೊಟ್ಟೋರನ್ನ ಕೆಲಸದಿಂದ ತೆಗೀಬಾರ್ದು ಅಂತ ಒಂದು ಸಾಲು ರೂಲಲ್ಲಿ ಸೇರಿಸಿ. ರಿಪೋರ್ಟ್ ಫಾರಂನೂ ಬದಲಾಯಿಸಿ, ಯಾರು ಕೊನೆಗೆ ಇಳಿದ್ರು, ಯಾರು ಹಿಂದಿನ ತನಕ ನಡೆದ್ರು, ಟಿಕ್ ಯಾವಾಗ ಹಾಕಿದ್ರು, ಕಿಟಕಿ ಹೇಗಿತ್ತು, ಯಾರು ಹುಡುಕಿದ್ರು, ಇಷ್ಟು ಕೇಳಲಿ. ಎಚ್ಚರ ವಹಿಸುತ್ತೇವೆ ಅನ್ನೋಕೆ ಅದ್ರಲ್ಲಿ ಜಾಗಾನೇ ಇರ್ಬಾರ್ದು.

ನಮ್ಮ ಮೊದಲನೇ ರಿಪೋರ್ಟ್ ಸ್ಕೂಲ್ ಆಫೀಸಲ್ಲಿದೆ, ಈ ಪತ್ರದ ಒಂದು ಪ್ರತಿ ಅದ್ರ ಜೊತೆ ಇಡೋಕೆ ಕೊಟ್ಟಿದೀವಿ. ಒಂದು ಪ್ರತಿ ಹುಡುಗನ ತಾಯಿ ಕೈಗೆ ಕೊಟ್ಟು ಬಂದ್ವಿ, ಅವರು ಓದಿ ಏನೂ ಮಾತಾಡ್ಲಿಲ್ಲ. ನಿಮ್ಮ ಅಧಿಕಾರಿಗಳು ಕರೆದ್ರೆ ಇಬ್ರೂ ಬರ್ತೀವಿ, ಆ ಸ್ಪೇರ್ ಬಸ್ಸಲ್ಲೇ ಕೂರಿಸಿ ಕನ್ನಡೀಲಿ ಏನ್ ಕಾಣುತ್ತೆ ಅಂತ ತೋರಿಸ್ತೀವಿ.

ಇಂತಿ,
ಒಬ್ಬ ಸ್ಕೂಲ್ ಬಸ್ ಡ್ರೈವರ್ ಮತ್ತು ಅದೇ ಬಸ್ಸಿನ ಆಯಾ