ಗೆಳೆಯನಿಗೊಂದು ಪತ್ರ: ಆ ಒಂದು ಸಾಲು ಬರೆಯಲು ಆಗದೆ

ಮಗಾ,

ನಮ್ಮ ಬೀದಿ ಕೊನೆಯ ಶಾಲೆಗೆ ಪತ್ರ ಕೊಡು ಅಂತ ನೀನು ಹೇಳಿ ತಿಂಗಳಾಯ್ತು. ಬೇಸಿಗೆ ರಜೆಯಲ್ಲಿ ಅವರ ಒಂದು ಕೋಣೆಯಲ್ಲಿ ಮಕ್ಕಳಿಗೆ ಚಿತ್ರಕಲಾ ಶಿಬಿರ, ಫೀಸು ತೆಗೆದುಕೊಂಡು. ಇವತ್ತು ನಾಲ್ಕನೇ ಸಲ ಕೂತು ಬರೆದೆ. ಇದನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೇರೆ ಚಿತ್ರದ ಮೇಷ್ಟ್ರುಗಳಿಗೂ ಉಪಯೋಗ ಆಗಬಹುದು.

ಮೊದಲ ಪತ್ರ ಎರಡು ಪುಟ ಇತ್ತು. ಅದರ ತುಂಬಾ ಮಕ್ಕಳ ಕಲ್ಪನಾಶಕ್ತಿ. ಮುಖ್ಯ ಶಿಕ್ಷಕಿಗೆ ಬೇಕಾಗಿರುವುದು ಅದಲ್ಲ ಕಣೋ. ಬೀಗ ಯಾರ ಹತ್ತಿರ ಇರುತ್ತೆ, ಮಗುವನ್ನು ಕರೆದುಕೊಂಡು ಹೋಗಲು ಬರುವವರ ಹೆಸರು ಯಾರು ಬರೆದಿಟ್ಟುಕೊಳ್ಳುತ್ತಾರೆ, ನೆಲದ ಮೇಲೆ ಬಿದ್ದ ಬಣ್ಣ ಯಾರು ಒರೆಸುತ್ತಾರೆ, ಅವರಿಗೆ ಇಷ್ಟು ಗೊತ್ತಾಗಬೇಕು. ಹಾಗಾಗಿ ಒಂದೇ ಪುಟಕ್ಕೆ ಇಳಿಸಿದೆ. ಏಪ್ರಿಲ್‌ನಲ್ಲಿ 10 ದಿನ, ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆ. 8ರಿಂದ 11 ವರ್ಷದ 20 ಮಕ್ಕಳು ಮಾತ್ರ, ಯಾಕೆಂದರೆ ಐದು ವರ್ಷದವರನ್ನೂ ಸೇರಿಸಿದರೆ ಅರ್ಧ ಸಮಯ ಕೈ ತೊಳೆಸುವುದರಲ್ಲೇ ಹೋಗುತ್ತೆ. ನಲ್ಲಿ ಹತ್ತಿರ ಇರುವ ಕೋಣೆ ಕೊಡಿ ಅಂತ ಕೇಳಿದ್ದೇನೆ. ಪತ್ರ ಫೆಬ್ರವರಿಯಲ್ಲೇ ಅವರ ಕೈ ಸೇರಬೇಕು. ಮಾರ್ಚ್‌ನಲ್ಲಿ ಪರೀಕ್ಷೆಯ ಗಲಾಟೆ, ಆಮೇಲೆ ಮನೆಗೆ ಸುತ್ತೋಲೆ ಕಳಿಸೋರು ಯಾರೂ ಇರಲ್ಲ.

ದುಡ್ಡಿನ ವಿಷಯಕ್ಕೇ ಜಾಸ್ತಿ ಹೊತ್ತು ಬೇಕಾಯ್ತು. ಮಗುವಿಗೆ 2,500 ರೂಪಾಯಿ ಇಟ್ಟೆ. 20 ಮಕ್ಕಳು ಬಂದರೆ 50,000. ಶಾಲೆಗೆ ನೂರಕ್ಕೆ 20ರಂತೆ 10,000, ಸಾಮಾನಿಗೆ ಮಗುವಿಗೆ 500ರಂತೆ ಇನ್ನೊಂದು 10,000. ಸಹಾಯಕ್ಕೆ ಬರುವ ಹುಡುಗಿಗೆ ದಿನಕ್ಕೆ 700ರಂತೆ 7,000. ಪಾಟರಿ ಟೌನ್‌ನಿಂದ ಜೇಡಿಮಣ್ಣು ತರುವ ಆಟೋ, ಚಿಲ್ಲರೆ ಖರ್ಚು ಅಂತ 2,000. ನನಗೆ ಉಳಿಯೋದು 21,000. ಆದರೆ 12 ಮಕ್ಕಳೇ ಬಂದರೆ? ಆಗ 9,000. ಶಾಲೆಯವರು ಕೋಣೆ ಬಾಡಿಗೆ ಅಂತ ಹತ್ತು ಸಾವಿರ ನಿಗದಿ ಮಾಡಿ ಕೇಳಿದ್ದರೆ ಅದೇ 12 ಮಕ್ಕಳಿಗೆ ನನ್ನ ಕೈಗೆ ಬರೋದು 5,000 ಮಾತ್ರ. ಅದಕ್ಕೇ ಬಾಡಿಗೆ ಬೇಡ, ಪಾಲು ತಗೊಳ್ಳಿ ಅಂತ ಬರೆದೆ. 12ಕ್ಕಿಂತ ಕಡಿಮೆ ಆದರೆ ಶಿಬಿರ ನಡೆಸಲ್ಲ, ಫೀಸು ಪೂರ್ತಿ ವಾಪಸ್ ಅಂತಲೂ ಸೇರಿಸಿದೆ.

ಇಷ್ಟೆಲ್ಲ ಸಲೀಸಾಗಿ ಬಂತು. ಕೊನೆಯಲ್ಲಿ ‘ಹತ್ತನೇ ದಿನ ಮಕ್ಕಳ ಚಿತ್ರಗಳ ಪ್ರದರ್ಶನ’ ಅಂತ ಬರೆಯಬೇಕಿತ್ತು. ಅಲ್ಲಿ ಪೆನ್ನು ನಿಂತುಬಿಟ್ಟಿತು.

ಹೋದ ವರ್ಷ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಶಿಬಿರ ಮಾಡಿದೆನಲ್ಲ, ಚೆನ್ನಾಗಿ ಆಯ್ತು ಅಂತ ನಿನಗೆ ಹೇಳಿದ್ದೆ. ಪ್ರದರ್ಶನದ ಹಿಂದಿನ ರಾತ್ರಿ ಏನು ಮಾಡಿದೆ ಅಂತ ಹೇಳಿರಲಿಲ್ಲ. 17 ಮಕ್ಕಳ ಚಿತ್ರಗಳನ್ನು ನೆಲದ ಮೇಲೆ ಹರಡಿಕೊಂಡು ನೋಡಿದೆ. ಅಪ್ಪ ಅಮ್ಮ ಇಷ್ಟು ದುಡ್ಡು ಕೊಟ್ಟಿದ್ದಾರೆ, ಇದನ್ನು ನೋಡಿ ಏನಂತಾರೋ ಅಂತ ಭಯ ಆಯ್ತು. ಸಣ್ಣ ಕುಂಚ ತೆಗೆದುಕೊಂಡು ಒಂದಕ್ಕೆ ಕಣ್ಣು ತಿದ್ದಿದೆ, ಇನ್ನೊಂದಕ್ಕೆ ಮರದ ನೆರಳು ಹಾಕಿದೆ. ಬೆಳಗಾಗೋ ಹೊತ್ತಿಗೆ 11 ಚಿತ್ರಗಳ ಮೇಲೆ ನನ್ನ ಕೈ ಬಿದ್ದಿತ್ತು. ಎಂಟು ವರ್ಷದ ಒಂದು ಹುಡುಗಿ ಆನೆ ಬರೆದಿದ್ದಳು. ಸೊಂಡಿಲು ನೆಲದವರೆಗೂ ಬಂದು ಪಾದದ ಸುತ್ತ ಸುತ್ತಿಕೊಂಡಿತ್ತು. ನಾನು ಅದನ್ನು ಮೇಲೆತ್ತಿ, ಅಂದವಾಗಿ ಬಾಗಿಸಿದೆ.

ಮಾರನೇ ದಿನ ಅವಳು ಅಜ್ಜಿಯ ಕೈ ಹಿಡಿದು ಗೋಡೆ ಪೂರ್ತಿ ಹುಡುಕಿದಳು. ತನ್ನ ಹೆಸರಿನ ಚೀಟಿಯ ಮುಂದೆಯೇ ನಿಂತು, ‘ಅಜ್ಜೀ, ನಂದು ಇಲ್ಲಿ ಇಲ್ಲ’ ಅಂದಳು. ಅಜ್ಜಿ ನಕ್ಕು, ‘ಇದೇ ಅಲ್ವಾ ಪುಟ್ಟಿ, ಎಷ್ಟು ಚೆನ್ನಾಗಿದೆ’ ಅಂದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ ಕಣೋ. ಚಿತ್ರವನ್ನು ಸುತ್ತಿ ಅಜ್ಜಿಯ ಕೈಗೆ ಕೊಟ್ಟೆ. ಇಲ್ಲಿವರೆಗೆ ಯಾರಿಗೂ ಹೇಳಿಲ್ಲ, ಇವತ್ತೂ ಇಷ್ಟು ಹೇಳಬೇಕು ಅಂತ ಕೂತಿರಲಿಲ್ಲ.

ಅದಕ್ಕೆ ಶಾಲೆಯ ಪತ್ರದಲ್ಲಿ ಪ್ರದರ್ಶನದ ಸಾಲು ಹೊಡೆದುಹಾಕಿದೆ. ಅದರ ಜಾಗದಲ್ಲಿ ಹೀಗೆ ಬರೆದೆ: ‘ಮಕ್ಕಳ ಚಿತ್ರದ ಮೇಲೆ ಶಿಕ್ಷಕರು ಕುಂಚ ಇಡುವುದಿಲ್ಲ. ತೋರಿಸಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸುತ್ತಾರೆ. ಕೊನೆಯ ದಿನ ಪ್ರತಿ ಮಗು ತನ್ನ ಹತ್ತೂ ದಿನದ ಹಾಳೆಗಳನ್ನು, ಹಾಳಾದದ್ದನ್ನೂ ಸೇರಿಸಿ, ಮನೆಗೆ ಒಯ್ಯುತ್ತದೆ.’ 2,500 ಕೊಡುವವರು ಇದನ್ನು ಓದಿ ಹಿಂದೆ ಸರಿಯಬಹುದು. ಹಾಗಾದರೆ 12 ಮಕ್ಕಳೂ ಸಿಗಲ್ಲ. ಆದರೂ ಆ ಸಾಲು ಇರಲಿ ಅನ್ನಿಸುತ್ತಿದೆ.

ಸರಿ, ಜಾಸ್ತಿ ಆಯ್ತು. ಭಾನುವಾರ ಬೆಳಿಗ್ಗೆ ಬಾ, ಪತ್ರದ ಕಾಗುಣಿತ ನೋಡಿಕೊಡು. ಇಡ್ಲಿ ಮಾಡಿಸಿರುತ್ತೇನೆ.

ನಿನ್ನವ