ಫ್ರಿಜ್ ಕೊಟೇಶನ್‌ಗೆ ಇನ್ನೊಂದು ಸಾಲು ಸೇರಿಸಿ, ಅಕ್ಕಾವರೇ

ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷರಾದ ಅಕ್ಕಾವರಿಗೆ, ಜಮಖಂಡಿ ತಾಲ್ಲೂಕಿನ ಫ್ರಿಜ್ ರಿಪೇರಿಯವನ ನಮಸ್ಕಾರ.

ಮೊಸರು ಮಾರುವ ಸಂಘದ ಹೆಣ್ಣುಮಕ್ಕಳಿಗೆ ಪಂಚಾಯಿತಿಯಿಂದ ಎರಡು ಫ್ರಿಜ್ ಕೊಡಿಸುತ್ತೀರಿ ಅಂತ ಕೇಳಿದೆ. ಒಳ್ಳೆಯದು. ಕೊಟೇಶನ್‌ನಲ್ಲಿ ಲೀಟರ್ ಇದೆ, ಸ್ಟಾರ್ ಇದೆ, ಬಣ್ಣ ಕೂಡ ಇದೆ. ವೋಲ್ಟೇಜ್ ಹೆಚ್ಚುಕಡಿಮೆಯಾದರೆ ಫ್ರಿಜ್‌ನ ಕರೆಂಟ್ ಕಡಿಯುವ ಕಟ್‌ಆಫ್ ಪೆಟ್ಟಿಗೆ ಮಾತ್ರ ಇಲ್ಲ. ಅದಕ್ಕೇ ಈ ಪತ್ರ. ಎಲ್ಲರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ, ಯಾಕಂದರೆ ಇದು ಎರಡು ಫ್ರಿಜ್‌ನ ಮಾತಷ್ಟೇ ಅಲ್ಲ.

ಹೋದ ಮೇ ತಿಂಗಳಲ್ಲಿ ಗಾಳಿ ಮಳೆ ಬಂದ ಸಂಜೆ ನೆನಪಿದೆಯಲ್ವಾ? ಎರಡು ನಿಮಿಷದೊಳಗೆ ಕರೆಂಟ್ ಮೂರು ಸಲ ಹೋಗಿ ಬಂತು. ಟೊಂಗೆ ತಂತಿಗೆ ತಾಗಿದರೆ ಲೈನ್ ಟ್ರಿಪ್ ಆಗುತ್ತದೆ. ನಿಲ್ಲುತ್ತದೋ ಇಲ್ಲವೋ ನೋಡಲು ಮತ್ತೆ ಕೊಡುತ್ತಾರೆ. ಅದು ಯಾರ ತಪ್ಪೂ ಅಲ್ಲ, ಲೈನ್ ನಡೆಸುವ ರೀತಿಯೇ ಹಾಗೆ. ಮರುದಿನ ಬೆಳಗ್ಗೆ ಒಬ್ಬ ಅಜ್ಜಿ ನನ್ನ ಅಂಗಡಿಗೆ ಬಂದರು. "ತಮ್ಮಾ, ಫ್ರಿಜ್ ಗುಂಯ್ ಅಂತೈತಿ, ಟಕ್ ಅಂತೈತಿ, ಸುಮ್ಮನಾಗತೈತಿ" ಅಂದರು. ಅಷ್ಟು ಕೇಳಿದ ಮೇಲೆ ನನಗೆ ಹೊಸದಾಗಿ ಹುಡುಕುವುದು ಜಾಸ್ತಿ ಏನೂ ಉಳಿಯಲಿಲ್ಲ.

ಆದರೂ ಹೋಗಿ ನೋಡಿದೆ. ಕಂಪ್ರೆಸರ್‌ನ ಮೂರು ಪಿನ್‌ಗಳನ್ನು ಎರಡೆರಡಾಗಿ ಮೀಟರ್‌ನಲ್ಲಿ ಅಳೆಯುತ್ತೇವೆ. ಮೋಟರ್ ಚೆನ್ನಾಗಿದ್ದರೆ ಮೂರು ಸಂಖ್ಯೆ ಬರುತ್ತವೆ, ಸಣ್ಣವೆರಡನ್ನು ಕೂಡಿಸಿದರೆ ದೊಡ್ಡದಕ್ಕೆ ಸರಿಹೋಗಬೇಕು. ಅಜ್ಜಿಯ ಫ್ರಿಜ್‌ನಲ್ಲಿ ಎರಡು ಜೋಡಿ ಏನೂ ತೋರಿಸಲಿಲ್ಲ, ಒಂದು ವೈಂಡಿಂಗ್ ಸುಟ್ಟು ಕಡಿದುಹೋಗಿತ್ತು. ಕಂಪ್ರೆಸರ್, ಗ್ಯಾಸ್, ಕೂಲಿ ಸೇರಿ ಐದಾರು ಸಾವಿರದ ಖರ್ಚು.

ಸುಟ್ಟಿದ್ದು ಯಾಕೆ? ಓಡುತ್ತಿರುವ ಕಂಪ್ರೆಸರ್‌ನ ಒಂದು ಕಡೆ ಗ್ಯಾಸಿನ ಒತ್ತಡ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ನಿಂತ ಮೇಲೆ ಆ ಗ್ಯಾಸ್ ಕೂದಲೆಳೆಯಂಥ ಕ್ಯಾಪಿಲರಿ ಕೊಳವೆಯಲ್ಲಿ ಹರಿದು ಎರಡೂ ಕಡೆ ಸಮ ಆಗಬೇಕು. ಅದಕ್ಕೆ ಮೂರರಿಂದ ಐದು ನಿಮಿಷ ಬೇಕು. ಅದಕ್ಕಿಂತ ಮೊದಲೇ ಕರೆಂಟ್ ಬಂದರೆ ಮೋಟರ್ ಆ ಒತ್ತಡದ ಎದುರು ತಿರುಗಲಾರದೆ ಒದ್ದಾಡುತ್ತದೆ. ಸ್ಟಾರ್ಟ್ ಕೊಡುವ ಪಿಟಿಸಿ ಅನ್ನುವ ಬಿಲ್ಲೆಯೂ ಆಗ ಬಿಸಿಯಾಗಿಯೇ ಇರುತ್ತದೆ. ಅದು ಆರದೆ ಸ್ಟಾರ್ಟ್ ವೈಂಡಿಂಗ್‌ಗೆ ಕರೆಂಟ್ ಬಿಡುವುದಿಲ್ಲ. ನಿಂತಲ್ಲೇ ನಿಂತ ಮೋಟರ್ ಮಾಮೂಲಿಗಿಂತ ಆರೇಳು ಪಟ್ಟು ಕರೆಂಟ್ ಎಳೆಯುತ್ತದೆ. ಅಜ್ಜಿ ಹೇಳಿದ ಗುಂಯ್ ಅದೇ. ಟಕ್ ಅನ್ನುವುದು ಕರೆಂಟ್ ಜಾಸ್ತಿಯಾದರೆ ಕಡಿಯುವ ಓವರ್‌ಲೋಡ್ ಸ್ವಿಚ್ ಬಿಡುವ ಸದ್ದು. ಒಂದೆರಡು ಸಲ ಅದು ಕಾಪಾಡುತ್ತದೆ. ಪದೇ ಪದೇ ಆದರೆ ವೈಂಡಿಂಗ್‌ನ ವಾರ್ನಿಶ್ ಸುಟ್ಟುಹೋಗುತ್ತದೆ.

ವೋಲ್ಟೇಜ್ ಕಡಿಮೆಯಿದ್ದರಂತೂ ಇನ್ನೂ ಕಷ್ಟ. 230 ಇರಬೇಕಾದಲ್ಲಿ 170 ಬಂದರೆ ಮುಕ್ಕಾಲು ಪಾಲು ಬಲ ಉಳಿಯುತ್ತದೆ ಅಂತ ಅನಿಸಬಹುದು. ಹಾಗಲ್ಲ. ಮೋಟರ್ ಏಳುವ ಬಲ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಉಳಿಯುತ್ತದೆ. ಜಾಸ್ತಿ ವೋಲ್ಟೇಜ್ ನಮ್ಮಲ್ಲಿ ಅಪರೂಪ, ಬಂದರೆ ಮಾತ್ರ ಭಯಂಕರ. ಟಿಸಿಯಲ್ಲಿ ನ್ಯೂಟ್ರಲ್ ತಂತಿ ಸಡಿಲಾದರೆ ಕೆಲವು ಮನೆಗೆ 300 ದಾಟುತ್ತದೆ, ಪಕ್ಕದ ಮನೆಯ ಬಲ್ಬ್ ಮಾತ್ರ ಮಂಕಾಗಿ ಉರಿಯುತ್ತದೆ.

ಕಟ್‌ಆಫ್ ಅಂದರೆ ಈ ಎರಡೂ ತುದಿಗಳಲ್ಲಿ ಫ್ರಿಜ್‌ನ ಕರೆಂಟ್ ಕಡಿಯುವ, ಸರಿಯಾದ ವೋಲ್ಟೇಜ್ ಬಂದ ಮೇಲೂ ಮೂರು ನಿಮಿಷ ಕಾಯಿಸಿ ಕೊಡುವ ಪೆಟ್ಟಿಗೆ. ಸಾವಿರ ರೂಪಾಯಿ ಆಚೀಚೆ. ಸುಮಾರು 180ಕ್ಕೆ ಕೆಳಗೆ, 265ಕ್ಕೆ ಮೇಲೆ ಕಡಿದರೆ ನಮ್ಮೂರಿಗೆ ಸಾಕು. ಕಡಿಯುವ ಮತ್ತು ಮತ್ತೆ ಕೊಡುವ ಅಂಕಿಗಳ ನಡುವೆ ಒಂದಷ್ಟು ಅಂತರ ಇರಬೇಕು: 180ರಲ್ಲಿ ಕಡಿದರೆ 190 ಬಂದ ಮೇಲೆ ಕೊಡಬೇಕು. ಇಲ್ಲದಿದ್ದರೆ ಲೈನಿನ ತುದಿಯ ಮನೆಯಲ್ಲಿ 184 ಇರುತ್ತದೆ ಅಂದುಕೊಳ್ಳಿ, ಕಂಪ್ರೆಸರ್ ಶುರುವಾದ ಕೂಡಲೇ 178ಕ್ಕೆ ಇಳಿಯುತ್ತದೆ, ಕಡಿಯುತ್ತದೆ, ಕಡಿದ ಮೇಲೆ ಮತ್ತೆ 184 ಆಗುತ್ತದೆ. ಮೂರು ಮೂರು ನಿಮಿಷಕ್ಕೊಮ್ಮೆ ಇದೇ ಆಟ. ಮೊಸರು ತಣ್ಣಗಾಗುವುದೇ ಇಲ್ಲ, ಪೆಟ್ಟಿಗೆಯ ಮೇಲಿನ ದೀಪ ಮಾತ್ರ ಆಗಾಗ ಹತ್ತಿ ಆರುತ್ತದೆ.

ಪೆಟ್ಟಿಗೆ ತಂದರೆ ಆಯಿತು ಅನ್ನುವ ಹಾಗೂ ಇಲ್ಲ. ಅಗ್ಗದ ಕೆಲವಕ್ಕೆ ಒಂದು ಕಾಯಿಲೆ ಇರುತ್ತದೆ. ಒಳಗಿನ ಟೈಮರ್‌ನ ಕಪ್ಯಾಸಿಟರ್ ಪೂರ್ತಿ ಖಾಲಿಯಾಗಲು ಸಮಯ ಬೇಕು. ಕರೆಂಟ್ ಹತ್ತು ನಿಮಿಷ ಹೋಗಿ ಬಂದರೆ ಸರಿಯಾಗಿ ಮೂರು ನಿಮಿಷ ಕಾಯುತ್ತದೆ. ಒಂದೇ ಸೆಕೆಂಡ್ ಹೋಗಿ ಬಂದರೆ ಅರ್ಧ ನಿಮಿಷಕ್ಕೇ ಬಿಟ್ಟುಕೊಡುತ್ತದೆ. ನಮಗೆ ಕಾವಲು ಬೇಕಾದದ್ದು ಆ ಒಂದು ಸೆಕೆಂಡಿಗೇ ಅಲ್ವಾ!

ಹಾಗಾಗಿ ಖರೀದಿಗೆ ಮುಂಚೆ ಹೀಗೆ ನೋಡಬೇಕು. ಪೆಟ್ಟಿಗೆಗೆ ಫ್ರಿಜ್ ಬದಲು ಒಂದು ಬಲ್ಬ್ ಹಾಕಿ ಸ್ವಿಚ್ ಹಾಕಿ, ಗಡಿಯಾರ ನೋಡುತ್ತಾ ಕೂಡಿ. ಬಲ್ಬ್ ಮೂರು ನಿಮಿಷಕ್ಕೆ ಹತ್ತಬೇಕು. ಆಮೇಲೆ ಸ್ವಿಚ್ ಟಕ್ ಅಂತ ತೆಗೆದು ತಕ್ಷಣ ಹಾಕಿ. ಬಲ್ಬ್ ಆರಿ, ಮತ್ತೆ ಪೂರ್ತಿ ಮೂರು ನಿಮಿಷಕ್ಕೇ ಹತ್ತಬೇಕು. ಅದಕ್ಕಿಂತ ಬೇಗ ಹತ್ತಿತೋ, ವಾಪಸ್ ಕಳಿಸಿ. ಕಡಿಯುವ ವೋಲ್ಟೇಜ್ ಅಂಕಿಗಳನ್ನು ನೋಡಲು ವೋಲ್ಟೇಜ್ ಏರಿಸಿ ಇಳಿಸುವ ಡಿಮ್ಮರ್‌ಸ್ಟ್ಯಾಟ್ ಬೇಕು, ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅದು.

ಇನ್ನೊಂದು ಮಾತು ಮುಚ್ಚಿಡದೆ ಹೇಳಬೇಕು. ಕಟ್‌ಆಫ್ ವೋಲ್ಟೇಜ್ ಏರಿಸುವುದಿಲ್ಲ, ಬಾಗಿಲು ಹಾಕುತ್ತದೆ ಅಷ್ಟೇ. ಸಂಘದ ಕೋಣೆ ಇರುವುದು ಲೈನಿನ ತುದಿಗೆ. ಕಬ್ಬಿಗೆ ನೀರು ಹಾಯಿಸುವ ದಿನಗಳಲ್ಲಿ ಸಂಜೆಯಿಡೀ ಅಲ್ಲಿ 170 ಇದ್ದರೆ ಫ್ರಿಜ್ ಸಂಜೆಯಿಡೀ ಬಂದ್ ಇರುತ್ತದೆ. ಆಗ ಡಿಲೇ ಇರುವ ಸ್ಟೆಬಿಲೈಜರ್ ಬೇಕು, ದರ ಎರಡು ಪಟ್ಟಿಗಿಂತ ಜಾಸ್ತಿ ಆದೀತು. ಹಾಗಾಗಿ ಮೊದಲು ಅಳೆಯಿರಿ. ನಾಲ್ಕು ದಿನ ಸಂಜೆ ಏಳಕ್ಕೆ, ಬೆಳಗ್ಗೆ ಆರಕ್ಕೆ ಅಲ್ಲಿನ ಪ್ಲಗ್‌ನಲ್ಲಿ ಮೀಟರ್ ಇಟ್ಟು ಬರೆದುಕೊಂಡರೆ ಸಾಕು. ಎಲ್ಲ ದಿನ 190ಕ್ಕೆ ಮೇಲಿದ್ದರೆ ಕಟ್‌ಆಫ್, ಇಲ್ಲವಾದರೆ ಸ್ಟೆಬಿಲೈಜರ್.

ಹೆಣ್ಣುಮಕ್ಕಳಿಗೂ ಒಂದು ಹೇಳಿಬಿಡಿ. ಒಳಗಿನ ಥರ್ಮೋಸ್ಟ್ಯಾಟ್ ಗುಂಡಿಯನ್ನು ಸುಮ್ನೆ ಆಫ್ ಆನ್ ಮಾಡಿದರೆ ಈ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಅದಕ್ಕೆ ಕಾಣುವುದು ಗೋಡೆಯ ಕರೆಂಟ್ ಮಾತ್ರ.

ಕೊಟೇಶನ್‌ಗೆ ಸೇರಿಸಬೇಕಾದ ಸಾಲು ಇದು: "ಪ್ರತಿ ಫ್ರಿಜ್ ಜೊತೆ ಹೈ-ಲೋ ವೋಲ್ಟೇಜ್ ಕಟ್‌ಆಫ್, ಒಂದು ಸೆಕೆಂಡ್ ಕರೆಂಟ್ ಹೋಗಿ ಬಂದರೂ ಪೂರ್ತಿ ಮೂರು ನಿಮಿಷ ಡಿಲೇ, ಬಲ್ಬ್ ಹಾಕಿ ತೋರಿಸಿದ ಮೇಲೆ ಸ್ವೀಕಾರ." ಸೋಮವಾರ ಪಂಚಾಯಿತಿ ಕಚೇರಿಗೆ ಮೀಟರ್ ತಗೊಂಡು ಬರುತ್ತೇನೆ. ಬಲ್ಬ್, ಹೋಲ್ಡರ್ ಕೂಡ ನಂದೇ.

ಇಂತಿ,
ಬಸ್ ಸ್ಟ್ಯಾಂಡ್ ಹಿಂದಿನ ಫ್ರಿಜ್ ರಿಪೇರಿಯವ